ಮಗಳ ಮದುವೆಗೆ ಬಂಗಾರ: ಆಭರಣ ಮಾಡಿಸಿಡಬೇಕೇ, ಗೋಲ್ಡ್ ಫಂಡ್ ಸಾಕೇ?

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಮಗಳಿಗೆ ಈಗ 12 ವರ್ಷ. ಮೆಣಸಿನಕಾಯಿ ಮಾರಿದ ಹಣದಲ್ಲಿ ವರ್ಷಕ್ಕೊಂದು ತೊಲಿಯಂತೆ ಅವಳಿಗಾಗಿ ಆಭರಣ ಮಾಡಿಸುತ್ತ ಬಂದಿದ್ದೇವೆ, ಈಗ ಆರು ತೊಲಿ ಆಗಿದೆ. ಮನೆಯಲ್ಲಿಡಲು ಭಯ, ಲಾಕರ್ ಮೇಲೂ ಪೂರ್ತಿ ನಂಬಿಕೆಯಿಲ್ಲ. ಹುಬ್ಬಳ್ಳಿಯಲ್ಲಿ ಓದುವ ಮಗ ಫೋನಿನ ಆ್ಯಪ್‌ನಲ್ಲಿ ಡಿಜಿಟಲ್ ಬಂಗಾರ ಕೊಳ್ಳುತ್ತಾನೆ, ನಮಗೂ ಅದನ್ನೇ ಮಾಡಿ ಎನ್ನುತ್ತಾನೆ. ಅವನ ಗೆಳೆಯರು ಗೋಲ್ಡ್ ಫಂಡ್ ಒಳ್ಳೆಯದು ಎನ್ನುತ್ತಾರೆ. ಇನ್ನು ಮುಂದೆ ಏನು ಮಾಡಬೇಕು? ಕಣ್ಣಿಗೆ ಕಾಣದ ಬಂಗಾರ ಶುದ್ಧವಾಗಿದೆ ಎಂದು ನಂಬುವುದು ಹೇಗೆ?

ಉತ್ತರ: ಬಂಗಾರದ ದರ ಮುಂದೆ ಏರುತ್ತದೆಯೋ ಇಳಿಯುತ್ತದೆಯೋ ಎಂಬ ವಿಚಾರವನ್ನು ಇಲ್ಲಿ ಬದಿಗಿಡೋಣ, ಏಕೆಂದರೆ ದರ ಏರಿದರೆ ಮೂರೂ ಬಗೆಯ ಬಂಗಾರಕ್ಕೆ ಏರುತ್ತದೆ, ಇಳಿದರೆ ಮೂರಕ್ಕೂ ಇಳಿಯುತ್ತದೆ. ನೀವು ಕೊಟ್ಟ ಹಣದಲ್ಲಿ ಎಷ್ಟು ಗ್ರಾಂ ಅಪರಂಜಿ ನಿಮ್ಮ ಕೈ ಸೇರಿತು ಮತ್ತು ಹತ್ತು ವರ್ಷಗಳ ನಂತರ ಅದರಲ್ಲಿ ಎಷ್ಟು ಗ್ರಾಂ ಉಳಿಯಿತು ಎಂಬುದರಲ್ಲಿ ಮಾತ್ರ ಇವು ಒಂದರಿಂದೊಂದು ಬೇರೆಯಾಗುತ್ತವೆ. ಆದ್ದರಿಂದ ರೂಪಾಯಿಯನ್ನು ಬಿಟ್ಟು ಗ್ರಾಂನಲ್ಲಿ ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಲೆಕ್ಕ ಸುಲಭವಾಗಲೆಂದು 24 ಕ್ಯಾರೆಟ್ ಬಂಗಾರಕ್ಕೆ ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳುತ್ತೇನೆ. ನೀವು ಕೊಳ್ಳುವ ದಿನದ ದರ ಬೇರೆಯೇ ಇರುತ್ತದೆ, ಆದರೆ ಪ್ರಮಾಣಗಳು ಬದಲಾಗುವುದಿಲ್ಲ. ತೊಲಿ ಎಂದರೆ ಈಗ ಅಂಗಡಿಗಳಲ್ಲಿ ನಡೆಯುವಂತೆ ಹತ್ತು ಗ್ರಾಂ. 22 ಕ್ಯಾರೆಟ್‌ನ ಒಂದು ತೊಲಿ ಆಭರಣದಲ್ಲಿ ಅಪರಂಜಿ ಇರುವುದು 9.16 ಗ್ರಾಂ, ಅದರ ಬೆಲೆ 91,600 ರೂಪಾಯಿ. ಮಜೂರಿಯನ್ನು ಶೇಕಡಾ 12 ಎಂದು ಹಿಡಿದರೆ ಸುಮಾರು 11,000 ರೂಪಾಯಿ ಸೇರುತ್ತದೆ. ಬಂಗಾರ ಮತ್ತು ಮಜೂರಿ ಎರಡೂ ಸೇರಿದ ಮೊತ್ತದ ಮೇಲೆ ಶೇಕಡಾ 3ರಷ್ಟು ಜಿಎಸ್‌ಟಿ ಬೀಳುತ್ತದೆ. ಒಟ್ಟು ಬಿಲ್ಲು ಸುಮಾರು 1,05,700 ರೂಪಾಯಿ ಆಗುತ್ತದೆ. ಅಂದರೆ ಸುಮಾರು 10.57 ಗ್ರಾಂ ಅಪರಂಜಿಯ ಬೆಲೆ ಕೊಟ್ಟು ನೀವು 9.16 ಗ್ರಾಂ ಪಡೆದಿರಿ. ಅದನ್ನೇ ಮುಂದೆ ಅಂಗಡಿಗೆ ಮರಳಿಸಿದಾಗ ಕರಗಿಸುವ ನಷ್ಟವೆಂದು ಶೇಕಡಾ 3 ಕಳೆದರೂ ಲೆಕ್ಕಕ್ಕೆ ಬರುವುದು 8.9 ಗ್ರಾಂ ಮಾತ್ರ. ಮಜೂರಿಯ ದರ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ: ಸಾದಾ ಸರಪಳಿಗೆ ಇದಕ್ಕಿಂತ ಕಡಿಮೆ, ಕುಸುರಿ ಹೆಚ್ಚಿದ್ದರೆ ಶೇಕಡಾ 20ನ್ನೂ ದಾಟಬಹುದು.

ಅದೇ 1,05,700 ರೂಪಾಯಿಗೆ ಡಿಜಿಟಲ್ ಬಂಗಾರ ಕೊಂಡರೆ ಮಜೂರಿ ಇರುವುದಿಲ್ಲ, ಆದರೆ ಶೇಕಡಾ 3ರ ಜಿಎಸ್‌ಟಿ ಇಲ್ಲಿಯೂ ಇದೆ. ಅದರ ಮೇಲೆ, ಆ್ಯಪ್‌ನಲ್ಲಿ ಕೊಳ್ಳುವ ದರ ಒಂದು, ಮಾರುವ ದರ ಇನ್ನೊಂದು. ಕೊಳ್ಳುವಾಗ 10,100, ಮಾರುವಾಗ 9,800 ಎಂದು ಹಿಡಿದರೆ ಜಿಎಸ್‌ಟಿ ಕಳೆದು ನಿಮಗೆ ಸಿಗುವುದು ಸುಮಾರು 10.16 ಗ್ರಾಂ, ಅದನ್ನು ಮಾರಿದಾಗ ಕೈಗೆ ಬರುವ ಹಣ 9.95 ಗ್ರಾಂನ ಬೆಲೆಗೆ ಸಮ. ಕೊಂಡ ದಿನವೇ ಶೇಕಡಾ 6ರ ಹತ್ತಿರ ಹೋಯಿತು. ನಿಮ್ಮ ಮಗ ಇದನ್ನು ತನ್ನ ಫೋನಿನಲ್ಲಿಯೇ ನೋಡಬಹುದು: ಒಂದೇ ನಿಮಿಷದಲ್ಲಿ ಕೊಳ್ಳುವ ದರ ಮತ್ತು ಮಾರುವ ದರ ಎರಡನ್ನೂ ಬರೆದುಕೊಂಡು, ಕೊಳ್ಳುವ ದರಕ್ಕೆ ಶೇಕಡಾ 3 ಸೇರಿಸಿ, ಎರಡರ ಅಂತರವನ್ನು ನೋಡಲಿ. ಹತ್ತು ರೂಪಾಯಿಗೂ ಬಂಗಾರ ಸಿಗುತ್ತದೆ ಎಂಬ ಜಾಹೀರಾತಿನ ಹಿಂದೆ ಈ ಅಂತರ ಮರೆಯಾಗುತ್ತದೆ. ಹತ್ತು ರೂಪಾಯಿಗೆ ಅದು ಗಮನಕ್ಕೇ ಬಾರದಷ್ಟು ಚಿಕ್ಕದು, ಲಕ್ಷ ರೂಪಾಯಿಗೆ ಅದು ಆರು ಸಾವಿರ.

ಗೋಲ್ಡ್ ಫಂಡುಗಳು ಹಣ ಹಾಕುವುದು ಗೋಲ್ಡ್ ಇಟಿಎಫ್‌ನಲ್ಲಿ, ಅದರ ಲೆಕ್ಕ ಇನ್ನೊಂದು ಬಗೆಯದು. ಇದು ಮ್ಯೂಚುವಲ್ ಫಂಡ್ ಕಂಪನಿಯೊಂದು ನಿಜವಾದ ಬಂಗಾರದ ಗಟ್ಟಿಗಳನ್ನು ಕೊಂಡು, ಅವುಗಳ ಆಧಾರದ ಮೇಲೆ ಷೇರು ಪೇಟೆಯಲ್ಲಿ ಮಾರುವ ಚಿಕ್ಕ ಚಿಕ್ಕ ಪಾಲು. ಪಾಲು ಕೊಳ್ಳುವಾಗ ಬಂಗಾರದ ಮೇಲಿನ ಜಿಎಸ್‌ಟಿ ನಿಮಗೆ ಪ್ರತ್ಯೇಕವಾಗಿ ಬೀಳುವುದಿಲ್ಲ. ಬ್ರೋಕರ್ ಶುಲ್ಕ ಮತ್ತು ದರದ ಸಣ್ಣ ಅಂತರ ಕಳೆದು 10.5 ಗ್ರಾಂನಷ್ಟು ಬಂಗಾರ ನಿಮ್ಮ ಹೆಸರಿಗೆ ಬರುತ್ತದೆ. ಆದರೆ ನಿರ್ವಹಣೆಯ ವೆಚ್ಚವೆಂದು ಪ್ರತಿ ವರ್ಷ ಅದರಿಂದ ಒಂದಿಷ್ಟನ್ನು ಕಳೆಯಲಾಗುತ್ತದೆ, ನಿಮಗೆ ಬಿಲ್ಲು ಬರದಂತೆ, ಪಾಲಿನ ಬೆಲೆಯೊಳಗಿಂದಲೇ. ವರ್ಷಕ್ಕೆ ಶೇಕಡಾ 0.6 ಎಂದು ಹಿಡಿದರೆ ಹತ್ತು ವರ್ಷಕ್ಕೆ ಶೇಕಡಾ 6ರ ಹತ್ತಿರ ಹೋಗಿ 9.9 ಗ್ರಾಂ ಉಳಿಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ನೇರವಾಗಿ ಹೇಳಬೇಕು. ಫಂಡುಗಳನ್ನು ಹೊಗಳುವವರು ಸಾಮಾನ್ಯವಾಗಿ ಡಿಜಿಟಲ್ ಬಂಗಾರ ದುಬಾರಿ, ಇಟಿಎಫ್ ಅಗ್ಗ ಎಂದು ಹೇಳಿ ಮುಗಿಸುತ್ತಾರೆ. ಮೂರ್ನಾಲ್ಕು ವರ್ಷಗಳ ಮಟ್ಟಿಗೆ ಅದು ನಿಜ. ನಿಮ್ಮಂತೆ ಹತ್ತು ವರ್ಷ ಕಾಯುವವರಿಗೆ ಮಾತ್ರ ವೆಚ್ಚದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ, ಏಕೆಂದರೆ ಒಂದರಲ್ಲಿ ಆರು ಭಾಗ ಮೊದಲ ದಿನವೇ ಹೋಗುತ್ತದೆ, ಇನ್ನೊಂದರಲ್ಲಿ ವರ್ಷ ವರ್ಷ ಹೋಗುತ್ತದೆ. ಆದ್ದರಿಂದ ಇವೆರಡರ ನಡುವಿನ ಆಯ್ಕೆಯನ್ನು ವೆಚ್ಚದ ಮೇಲೆ ಮಾಡಬಾರದು, ಬಂಗಾರ ಯಾರ ಕಾವಲಿನಲ್ಲಿದೆ, ಆ ಕಾವಲುಗಾರನ ಮೇಲೆ ಯಾರ ಕಣ್ಣಿದೆ ಎಂಬುದರ ಮೇಲೆ ಮಾಡಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಮೇಲಿನ ಲೆಕ್ಕದಲ್ಲಿ ಆಭರಣಕ್ಕೆ ತೊಲಿಗೊಂದು ಗ್ರಾಂ ಕಡಿಮೆಯಾಯಿತು. ಹಾಗೆಂದು ಆಭರಣ ಮಾಡಿಸಿದ್ದು ತಪ್ಪೇ ಎಂದರೆ, ನಿಮ್ಮ ಸಂದರ್ಭದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಈ ಬಂಗಾರವನ್ನು ಕೊನೆಗೆ ಮಾರುವವರಿಗೆ ಆ ಲೆಕ್ಕ ಸರಿ. ನಿಮಗೆ ಬೇಕಾಗಿರುವುದು ಮಗಳ ಮೈಮೇಲೆ ಆಭರಣ. ಇಟಿಎಫ್‌ನಲ್ಲಿ ಉಳಿದ 9.9 ಗ್ರಾಂ ಅಪರಂಜಿಯ ಹಣವನ್ನು ತೆಗೆದುಕೊಂಡು ಮದುವೆಯ ವರ್ಷ ಸರಾಫರ ಅಂಗಡಿಗೆ ಹೋದರೆ ಅದೇ ಶೇಕಡಾ 12 ಮಜೂರಿ, ಅದೇ ಶೇಕಡಾ 3 ಜಿಎಸ್‌ಟಿ ಆಗಲೂ ಕೊಡಬೇಕು. ಮಜೂರಿ ತಪ್ಪಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಆ ಹಣಕ್ಕೆ ಬರುವುದು 22 ಕ್ಯಾರೆಟ್‌ನ ಸುಮಾರು 9.4 ಗ್ರಾಂ ಆಭರಣ. ಹತ್ತು ವರ್ಷದಲ್ಲಿ ಬಂಗಾರದ ದರ ಇಮ್ಮಡಿಯಾಗಿದ್ದರೆ ಲಾಭದ ಮೇಲೆ ಶೇಕಡಾ 12.5 ತೆರಿಗೆ ಮತ್ತು ಅದರ ಸೆಸ್ ಕಟ್ಟಿದ ಮೇಲೆ ಅದು 8.8 ಗ್ರಾಂಗೆ ಇಳಿಯುತ್ತದೆ. ಇತ್ತ ನೀವು ಇಂದೇ ಮಾಡಿಸಿದ ಒಂದು ತೊಲಿ ಸರವನ್ನು ಮಗಳು ಹಾಗೆಯೇ ಧರಿಸಿದರೆ ಅದು ಪೂರ್ತಿ ಹತ್ತು ಗ್ರಾಂ. ಮಾರಾಟವೇ ಇಲ್ಲವಾದ್ದರಿಂದ ತೆರಿಗೆಯೂ ಇಲ್ಲ. ಧರಿಸುವುದು ಖಚಿತವಿದ್ದಲ್ಲಿ ಆಭರಣವೇ ಗೆಲ್ಲುತ್ತದೆ.

ಸೋಲುವುದು ಅದನ್ನು ಮುರಿಸಿದಾಗ. ಹಳೆಯ ಸರವನ್ನು ಕೊಟ್ಟು ಹೊಸ ವಿನ್ಯಾಸದ್ದನ್ನು ಮಾಡಿಸಿದರೆ ಮೊದಲು ಕರಗಿಸುವ ನಷ್ಟ, ನಂತರ ಎರಡನೆಯ ಬಾರಿ ಮಜೂರಿ, ಎರಡನೆಯ ಬಾರಿ ಜಿಎಸ್‌ಟಿ. ಹತ್ತು ಗ್ರಾಂ ಕೊಟ್ಟು ಕೈಯಿಂದ ಹಣ ಸೇರಿಸದೆ ನೀವು ಪಡೆಯುವ ಹೊಸ ಆಭರಣ 8.4 ಗ್ರಾಂ. ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವುದು ಕೂಡ ಆದಾಯ ತೆರಿಗೆಯ ದೃಷ್ಟಿಯಲ್ಲಿ ಮಾರಾಟವೇ ಆಗಿರುವುದರಿಂದ ಅದರ ತೆರಿಗೆಯನ್ನೂ ಕಟ್ಟಿದರೆ, ದರ ಇಮ್ಮಡಿಯಾದ ಪಕ್ಷದಲ್ಲಿ, ಎಂಟು ಗ್ರಾಂ. ಹೀಗೆ ಒಂದೇ ಮೊತ್ತದ ಹಣ ಮೂರು ದಾರಿಯಲ್ಲಿ ಹೋಗಿ ಮದುವೆಯ ದಿನ ಹತ್ತು, 8.8 ಅಥವಾ ಎಂಟು ಗ್ರಾಂ ಆಭರಣವಾಗಿ ನಿಲ್ಲುತ್ತದೆ. ಆದ್ದರಿಂದ ಆಭರಣವೋ ಫಂಡೋ ಎಂದು ಕೇಳುವ ಮೊದಲು ಪ್ರತಿಯೊಂದು ಆಭರಣದ ಬಗ್ಗೆಯೂ ಕೇಳಿಕೊಳ್ಳಬೇಕಾದದ್ದು, ಇದನ್ನು ಮಗಳು ಹತ್ತು ವರ್ಷದ ಮೇಲೆ ಹೀಗೆಯೇ ಧರಿಸುತ್ತಾಳೆಯೇ ಎಂಬುದನ್ನು.

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕಂಡುಕೊಳ್ಳಲು ಅನುಭವ ಸಹಾಯ ಮಾಡುತ್ತದೆ. ಪಾಟ್ಲಿ, ಬಿಲ್ವಾರ, ಉಂಗುರದಂತಹ ಅಳತೆಯ ಆಭರಣಗಳನ್ನು 12 ವರ್ಷದ ಹುಡುಗಿಗೆ ಈಗಲೇ ಮಾಡಿಸಿಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ, ಏಕೆಂದರೆ ಅವಳ ಕೈಯ ಅಳತೆ ಇನ್ನೂ ನಿಂತಿಲ್ಲ. ಹರಳು ಕೂಡಿಸಿದ ನೆಕ್ಲೇಸು, ದೊಡ್ಡ ಜುಮಕಿಗಳ ವಿನ್ಯಾಸ ಬೇಗ ಹಳೆಯದಾಗುತ್ತದೆ, ಅವುಗಳ ಮಜೂರಿಯೂ ಹೆಚ್ಚು. ತಾಳಿಯ ಸರ ಮತ್ತು ಅದರ ಗುಂಡುಗಳನ್ನು ಬೀಗರ ಮನೆಯ ಪದ್ಧತಿ ನೋಡಿಯೇ ಮಾಡಿಸಬೇಕಾಗುತ್ತದೆ. ಹಾಗೆಯೇ ಉಳಿಯುವಂಥವು ಸಾದಾ ಸರಪಳಿ, ಮತ್ತು ನಮ್ಮ ಭಾಗದಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಬೋರಮಾಳದಂತಹ ಸರಗಳು. ಬೋರಮಾಳದ ವಿಷಯದಲ್ಲಿ ಒಂದು ಎಚ್ಚರ ಬೇಕು: ಅದರ ಗುಂಡುಗಳು ಸಾಮಾನ್ಯವಾಗಿ ಪೊಳ್ಳಾಗಿದ್ದು ಒಳಗೆ ಅರಗು ತುಂಬಿರುತ್ತದೆ. ತಕ್ಕಡಿಯಲ್ಲಿ ಅರಗಿಗೂ ತೂಕವಿದೆ. ಬಿಲ್ಲಿನಲ್ಲಿ ಒಟ್ಟು ತೂಕವನ್ನಷ್ಟೇ ಬರೆದಿದ್ದರೆ ನೀವು ಅರಗಿಗೂ ಬಂಗಾರದ ದರ ಕೊಟ್ಟಿರುವ ಸಾಧ್ಯತೆಯಿದೆ, ಅದು ಗೊತ್ತಾಗುವುದು ಮುರಿಸಿದ ದಿನವೇ. ಹಾಲ್‌ಮಾರ್ಕ್ ಆಭರಣದ ಬಿಲ್ಲಿನಲ್ಲಿ ಬಂಗಾರದ ನಿವ್ವಳ ತೂಕ, ಕ್ಯಾರೆಟ್ ಮತ್ತು ಹಾಲ್‌ಮಾರ್ಕ್ ಶುಲ್ಕವನ್ನು ಬೇರೆ ಬೇರೆಯಾಗಿ ಬರೆಯಲೇಬೇಕೆಂಬ ನಿಯಮವಿದೆ. ಕೇಳಿ ಬರೆಸಿಕೊಳ್ಳಿ.

ಈಗ ಶುದ್ಧತೆಯ ಪ್ರಶ್ನೆ. ಕಣ್ಣಿಗೆ ಕಾಣದ ಬಂಗಾರವನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. ಕಣ್ಣಿಗೆ ಕಾಣುವ ಬಂಗಾರದ ಶುದ್ಧತೆಯೂ ಕಣ್ಣಿಗೆ ಕಾಣುವುದಿಲ್ಲ ಎಂಬುದರಿಂದಲೇ ಆರಂಭಿಸಬೇಕು. ನಿಮ್ಮ ಆರು ತೊಲಿಯಲ್ಲಿ ಪ್ರತಿಯೊಂದನ್ನೂ ಭೂತಗನ್ನಡಿಯಲ್ಲಿ ನೋಡಿ. ಹಾಲ್‌ಮಾರ್ಕ್ ಪದ್ಧತಿ ನಡೆಸುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ತ್ರಿಕೋನ ಚಿಹ್ನೆ, 22K916 ಎಂಬ ಗುರುತು, ಮತ್ತು ಅಕ್ಷರ ಅಂಕಿಗಳು ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ, ಈ ಮೂರು ಇರಬೇಕು. ಆ ಸಂಖ್ಯೆ ಪ್ರತಿ ಆಭರಣಕ್ಕೂ ಬೇರೆ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ Verify HUID ಎಂಬಲ್ಲಿ ಅದನ್ನು ಹಾಕಿದರೆ ಯಾವ ಅಂಗಡಿಯವರು, ಯಾವ ಪರೀಕ್ಷಾ ಕೇಂದ್ರದಲ್ಲಿ, ಯಾವ ಬಗೆಯ ಆಭರಣಕ್ಕೆ, ಎಷ್ಟು ಶುದ್ಧತೆಯ ಮುದ್ರೆ ಹಾಕಿಸಿದರು ಎಂಬುದು ಕಾಣುತ್ತದೆ. ನಿಮ್ಮ ಕೈಯಲ್ಲಿರುವುದು ಸರ, ಪರದೆಯ ಮೇಲೆ ಕಾಣುವುದು ಉಂಗುರ ಎಂದಾದರೆ ಆ ಮುದ್ರೆಯನ್ನು ನಂಬಬೇಡಿ. ಎಚ್‌ಯುಐಡಿ ಪದ್ಧತಿ ಬಂದದ್ದು 2021ರಲ್ಲಿ, ಅದಿಲ್ಲದೆ ಹಾಲ್‌ಮಾರ್ಕ್ ಆಭರಣ ಮಾರಬಾರದೆಂಬ ನಿಯಮ ಜಾರಿಯಾದದ್ದು 2023ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲಿನ ಹಾಲ್‌ಮಾರ್ಕ್ ಆಭರಣಗಳಲ್ಲಿ ಈ ಸಂಖ್ಯೆಯ ಬದಲು ಪರೀಕ್ಷಾ ಕೇಂದ್ರದ ಮತ್ತು ಅಂಗಡಿಯ ಗುರುತುಗಳಿರುತ್ತವೆ, ಆ ಕಾರಣಕ್ಕೆ ಅವನ್ನು ಅನುಮಾನಿಸಬೇಕಾಗಿಲ್ಲ.

ಕಡ್ಡಾಯ ಹಾಲ್‌ಮಾರ್ಕ್ ನಿಯಮ ಜಿಲ್ಲೆಗಳ ಪಟ್ಟಿಯ ಪ್ರಕಾರ ಹಂತಹಂತವಾಗಿ ಜಾರಿಯಾಗಿದೆ. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ವ್ಯಾಪಾರಿಗಳಿಗೆ ಮತ್ತು ಎರಡು ಗ್ರಾಂಗಿಂತ ಕಡಿಮೆ ತೂಕದ ವಸ್ತುಗಳಿಗೆ ವಿನಾಯಿತಿಯೂ ಇದೆ. ಹೀಗಾಗಿ ಊರಿನ ಪತ್ತಾರರು ಮುದ್ರೆಯಿಲ್ಲದೆ ಮಾಡಿಕೊಟ್ಟರೆ ಅವರು ನಿಯಮ ಮುರಿದಿದ್ದಾರೆ ಎಂದಾಗಲಿ, ಬಂಗಾರ ಕೆಟ್ಟದ್ದೆಂದಾಗಲಿ ಅರ್ಥವಲ್ಲ. ಆದರೆ ಅದರ ಶುದ್ಧತೆಗೆ ಅವರ ಮಾತಿನ ಹೊರತು ಬೇರೆ ಆಧಾರವಿಲ್ಲ, ಇನ್ನೊಂದು ಅಂಗಡಿಯಲ್ಲಿ ಆ ಮಾತಿಗೆ ಬೆಲೆ ಬರುವುದಿಲ್ಲ. ಕೆಡಿಎಂ ಬಂಗಾರ ಎಂದು ಇಂದಿಗೂ ಕೆಲವರು ಶುದ್ಧತೆಯ ಖಾತರಿಯಂತೆ ಹೇಳುತ್ತಾರೆ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಗೆ ಬಂದ ಹೆಸರು, ಶುದ್ಧತೆಯ ಮುದ್ರೆಯಲ್ಲ. ಆ ಬೆಸುಗೆಯ ಹೊಗೆ ಕೆಲಸ ಮಾಡುವ ಪತ್ತಾರರ ಶ್ವಾಸಕೋಶಕ್ಕೇ ಹಾನಿಕರ.

ನಿಮ್ಮಲ್ಲಿ ಮುದ್ರೆಯಿಲ್ಲದ ಆಭರಣವಿದ್ದರೆ ಹುಬ್ಬಳ್ಳಿಗೆ ಹೋದಾಗ ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ತೋರಿಸಿ. ಗ್ರಾಹಕರ ಆಭರಣವನ್ನು ಕೇಂದ್ರಗಳು ನಿಗದಿತ ಸಣ್ಣ ಶುಲ್ಕಕ್ಕೆ ಪರೀಕ್ಷಿಸಿ ವರದಿ ಕೊಡುತ್ತವೆ. ಅಂಗಡಿಗಳಲ್ಲಿ ಕ್ಷಣದಲ್ಲಿ ಕ್ಯಾರೆಟ್ ತೋರಿಸುವ ಯಂತ್ರ ಆಭರಣದ ಮೇಲ್ಪದರವನ್ನಷ್ಟೇ ಓದುತ್ತದೆ, ಒಳಗಿನ ಬೆಸುಗೆ ಅದಕ್ಕೆ ಕಾಣುವುದಿಲ್ಲ. ಸಂದೇಹ ಬಲವಾಗಿದ್ದರೆ ಚೂರು ತೆಗೆದು ಬೆಂಕಿಯಲ್ಲಿ ಶೋಧಿಸುವ ಪರೀಕ್ಷೆಯೇ ಅಂತಿಮ. ಮುದ್ರೆಯಿರುವ ಆಭರಣದ ಶುದ್ಧತೆ ಪರೀಕ್ಷೆಯಲ್ಲಿ ಕಡಿಮೆ ಬಂದರೆ, 2018ರ ಬಿಐಎಸ್ ನಿಯಮಗಳ ಪ್ರಕಾರ, ಕೊರತೆಯಾದ ಶುದ್ಧತೆಯ ಮೊತ್ತದ ಎರಡರಷ್ಟನ್ನು ಮತ್ತು ಪರೀಕ್ಷಾ ಶುಲ್ಕವನ್ನು ಪಡೆಯುವ ಹಕ್ಕು ನಿಮಗಿದೆ. ಬಿಲ್ಲು ಇಲ್ಲದಿದ್ದರೆ ಈ ಹಕ್ಕನ್ನು ಚಲಾಯಿಸುವುದು ಕಷ್ಟ. ಜಿಎಸ್‌ಟಿ ಉಳಿಸುವುದಾಗಿ ಹೇಳಿ ಚೀಟಿಯಲ್ಲಿ ಬರೆದುಕೊಡುವ ಅಂಗಡಿಯಲ್ಲಿ ನೀವು ಉಳಿಸುವ ಮೂರು ಸಾವಿರದ ಜೊತೆಗೆ ಈ ರಕ್ಷಣೆಯನ್ನೂ ಬಿಟ್ಟುಕೊಡುತ್ತೀರಿ.

ಡಿಜಿಟಲ್ ಬಂಗಾರದಲ್ಲಿ ಶುದ್ಧತೆಗಿಂತ ದೊಡ್ಡ ಪ್ರಶ್ನೆ ಹೊಣೆಗಾರಿಕೆಯದು. ನಿಮ್ಮ ಮಗ ಬಳಸುವ ಪಾವತಿ ಆ್ಯಪ್ ಬಂಗಾರ ಮಾರುವುದಿಲ್ಲ, ಅದು ಕಿಟಕಿ ಮಾತ್ರ. ಮಾರುವವರು ಎಂಎಂಟಿಸಿ ಪ್ಯಾಂಪ್, ಸೇಫ್‌ಗೋಲ್ಡ್, ಆಗ್ಮಾಂಟ್‌ನಂತಹ ಕಂಪನಿಗಳು. ಗ್ರಾಹಕರ ಹೆಸರಿನಲ್ಲಿ ಅಷ್ಟೇ ತೂಕದ 24 ಕ್ಯಾರೆಟ್ ಬಂಗಾರವನ್ನು ವಿಮೆಯಿರುವ ಭದ್ರ ಕೋಣೆಯಲ್ಲಿ ಇಡುವುದಾಗಿಯೂ, ಅದರ ಮೇಲ್ವಿಚಾರಣೆಗೆ ಟ್ರಸ್ಟಿ ಇರುವುದಾಗಿಯೂ ಅವು ತಮ್ಮ ಒಪ್ಪಂದದಲ್ಲಿ ಹೇಳುತ್ತವೆ. ಅವು ಮೋಸ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಮಾತನ್ನು ನಡೆಸಿಕೊಡುವಂತೆ ನೋಡುವ ಸರ್ಕಾರಿ ನಿಯಂತ್ರಕರು ಈ ವ್ಯವಹಾರದ ಮೇಲೆ ಇಲ್ಲ. 2025ರ ನವೆಂಬರ್‌ನಲ್ಲಿ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿ, ಡಿಜಿಟಲ್ ಬಂಗಾರ ತನ್ನ ನಿಯಂತ್ರಣದ ಹೊರಗಿದೆ, ಷೇರು ಪೇಟೆಯ ಹೂಡಿಕೆದಾರರಿಗಿರುವ ರಕ್ಷಣೆ ಇದಕ್ಕೆ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ಕಾಲೇಜು ಹುಡುಗ ನೂರು, ಇನ್ನೂರು ರೂಪಾಯಿಯಂತೆ ಕೂಡಿಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಮಗಳ ಮದುವೆಯ ಹಣವನ್ನು, ಅದೂ ಹತ್ತು ವರ್ಷಗಳ ಕಾಲ, ಅಲ್ಲಿ ಇಡಬೇಡಿ. ಬಹುತೇಕ ಕಡೆ ಉಚಿತವಾಗಿ ಇಟ್ಟುಕೊಳ್ಳುವ ಅವಧಿಗೂ ಮಿತಿಯಿದೆ, ಅದು ಮುಗಿದ ಮೇಲೆ ಶುಲ್ಕ ಕೊಡಬೇಕು ಅಥವಾ ಮಾರಬೇಕು, ಇಲ್ಲವೇ ನಾಣ್ಯವಾಗಿ ತರಿಸಿಕೊಳ್ಳಬೇಕು. ನಾಣ್ಯ ತರಿಸಿಕೊಂಡರೆ ಅದರ ತಯಾರಿಕೆ ಮತ್ತು ಸಾಗಣೆಯ ವೆಚ್ಚ ಮತ್ತೆ ನಿಮ್ಮದೇ.

ಗೋಲ್ಡ್ ಇಟಿಎಫ್ ಸೆಬಿಯ ನಿಯಮಗಳೊಳಗಿದೆ. ಫಂಡಿನ ಹಣದಲ್ಲಿ ಕನಿಷ್ಠ ಶೇಕಡಾ 95 ಬಂಗಾರದಲ್ಲಿ ಅಥವಾ ಬಂಗಾರಕ್ಕೆ ಸಂಬಂಧಿಸಿದ ಸಾಧನಗಳಲ್ಲಿ ಇರಬೇಕು, ಗಟ್ಟಿಗಳ ಶುದ್ಧತೆ ಸಾವಿರಕ್ಕೆ 995 ಭಾಗಕ್ಕಿಂತ ಕಡಿಮೆಯಿರಬಾರದು, ಅವುಗಳನ್ನು ಫಂಡ್ ಕಂಪನಿಯಲ್ಲದೆ ಪ್ರತ್ಯೇಕ ಪಾಲಕ ಸಂಸ್ಥೆ ಇಟ್ಟುಕೊಳ್ಳಬೇಕು, ಮತ್ತು ಲೆಕ್ಕ ಪರಿಶೋಧಕರು ಆರು ತಿಂಗಳಿಗೊಮ್ಮೆ ಬಂಗಾರವನ್ನು ಖುದ್ದಾಗಿ ಎಣಿಸಿ ಟ್ರಸ್ಟಿಗಳಿಗೆ ವರದಿ ಕೊಡಬೇಕು. ವೆಚ್ಚ ಸಮನಾಗಿದ್ದಾಗ ನಾನು ಡಿಜಿಟಲ್ ಬಂಗಾರವನ್ನು ಬಿಟ್ಟು ಇದನ್ನು ಆರಿಸಲು ಹೇಳುವುದು ಈ ಕಾರಣಕ್ಕೆ.

ಇಟಿಎಫ್ ಕೊಳ್ಳಲು, ಷೇರು ಮತ್ತು ಪಾಲುಗಳನ್ನು ಇಡುವ ಡಿಮ್ಯಾಟ್ ಖಾತೆ ಬೇಕು. ಕೊಳ್ಳುವಾಗ ಒಂದು ತಪ್ಪು ಸಾಮಾನ್ಯವಾಗಿ ಆಗುತ್ತದೆ: ಬಂಗಾರದ ದರ ಓಡುತ್ತಿರುವ ದಿನಗಳಲ್ಲಿ ಕೊಳ್ಳುವವರು ಹೆಚ್ಚಾಗಿ, ಪಾಲಿನ ಪೇಟೆ ದರ ಅದರೊಳಗಿನ ಬಂಗಾರದ ಬೆಲೆಗಿಂತ ಮೇಲೆ ಹೋಗಿರುತ್ತದೆ. ಫಂಡ್ ಕಂಪನಿಯ ಜಾಲತಾಣದಲ್ಲಿ iNAV ಎಂದು ತೋರಿಸುವ, ಪಾಲಿನೊಳಗಿನ ಬಂಗಾರದ ಆ ಹೊತ್ತಿನ ಬೆಲೆಯನ್ನು ನೋಡಿ, ಅದರ ಹತ್ತಿರದ ದರವನ್ನು ನೀವೇ ನಿಗದಿಪಡಿಸಿ ಆರ್ಡರ್ ಹಾಕಬೇಕು, ಪೇಟೆ ಕೇಳಿದ ದರಕ್ಕೆ ಕೊಳ್ಳಬಾರದು. ವಹಿವಾಟು ಹೆಚ್ಚಿರುವ ಇಟಿಎಫ್‌ಗಳಲ್ಲಿ ಈ ಅಂತರ ಕಡಿಮೆ. ಡಿಮ್ಯಾಟ್‌ನ ಗೊಡವೆ ಬೇಡವೆಂದರೆ ಗೋಲ್ಡ್ ಫಂಡ್ ಇದೆ. ಅದು ನಿಮ್ಮ ಹಣ ಪಡೆದು ತಾನೇ ಇಟಿಎಫ್ ಕೊಳ್ಳುತ್ತದೆ, ಆದ್ದರಿಂದ ಎರಡು ಹಂತದ ವೆಚ್ಚ ಬೀಳುತ್ತದೆ. ಡೈರೆಕ್ಟ್ ಪ್ಲಾನ್ ಎಂದು ಆರಿಸಿಕೊಂಡರೆ ಈ ಹೆಚ್ಚುವರಿ ವೆಚ್ಚ ಸಣ್ಣದು, ಏಜೆಂಟರ ಮೂಲಕ ಬರುವ ರೆಗ್ಯುಲರ್ ಪ್ಲಾನ್‌ನಲ್ಲಿ ಅವರ ಕಮಿಷನ್ ವರ್ಷ ವರ್ಷ ಸೇರುತ್ತದೆ. ನಿಮ್ಮ ಆದಾಯ ಸುಗ್ಗಿಗೊಮ್ಮೆ ಬರುವುದರಿಂದ ತಿಂಗಳ ಕಂತು ಹಾಕಲೇಬೇಕೆಂದಿಲ್ಲ, ಮೆಣಸಿನಕಾಯಿ ಮಾರಿದ ತಿಂಗಳುಗಳಲ್ಲಿ ನಾಲ್ಕೈದು ಬಾರಿ ಹಂಚಿ ಹಾಕಿದರೆ ಸಾಕು. ಖಾತೆಯನ್ನು ಮಗಳ ಹೆಸರಿನಲ್ಲಿ ತೆರೆಯುವ ಬದಲು ನಿಮ್ಮ ಹೆಸರಿನಲ್ಲಿ ತೆರೆದು ನಾಮಿನಿ ನಮೂದಿಸಿ, ಏಕೆಂದರೆ ಅಪ್ರಾಪ್ತರ ಖಾತೆ 18 ತುಂಬಿದ ಕೂಡಲೇ ಹೊಸ ದಾಖಲೆ ಕೊಡುವವರೆಗೆ ನಿಂತುಬಿಡುತ್ತದೆ. ಇಲ್ಲಿ ಕಳ್ಳರ ಭಯವಿಲ್ಲ, ಆದರೆ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಖಾತೆ ಮರೆತುಹೋಗುವ ಭಯವಿದೆ. ವರ್ಷಕ್ಕೊಮ್ಮೆ ಖಾತೆಯ ವಿವರವನ್ನು ಮುದ್ರಿಸಿ ಹೊಲದ ಕಾಗದಪತ್ರಗಳ ಜೊತೆ ಇಡಿ.

ಲಾಕರ್ ಬಗ್ಗೆ ನಿಮಗಿರುವ ಅನುಮಾನ ಅರ್ಧ ಸರಿ. ಬ್ಯಾಂಕಿಗೆ ನೀವು ಒಳಗೆ ಏನಿಟ್ಟಿದ್ದೀರಿ ಎಂಬುದು ಗೊತ್ತಿರುವುದಿಲ್ಲ, ಅದಕ್ಕೆ ಅದು ವಿಮೆಯನ್ನೂ ಮಾಡಿಸುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಬ್ಯಾಂಕ್ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ ಎರಡು ಸಾವಿರವಿದ್ದರೆ ಎರಡು ಲಕ್ಷ. ನಾವು ಹಿಡಿದ ದರದಲ್ಲಿಯೇ ನಿಮ್ಮ ಆರು ತೊಲಿಯ ಬೆಲೆ ಐದೂವರೆ ಲಕ್ಷ. ಪ್ರವಾಹ, ಭೂಕಂಪದಂತಹ ಪ್ರಕೃತಿ ವಿಕೋಪದಲ್ಲಿ, ಬ್ಯಾಂಕಿನ ನಿರ್ಲಕ್ಷ್ಯವಿಲ್ಲದಿದ್ದರೆ, ಆ ಎರಡು ಲಕ್ಷವೂ ಇಲ್ಲ. ಇಷ್ಟಿದ್ದರೂ ಹಳ್ಳಿಯ ಮನೆಯ ಕಪಾಟಿಗಿಂತ ಲಾಕರ್ ಎಷ್ಟೋ ಸುರಕ್ಷಿತ, ಅದನ್ನು ತೆಗೆದುಕೊಳ್ಳಿ. ನಾಮಿನಿ ಹೆಸರು ಬರೆಸಿ, ವರ್ಷಕ್ಕೊಮ್ಮೆಯಾದರೂ ತೆರೆಯಿರಿ. ಪ್ರತಿ ಆಭರಣದ ಚಿತ್ರ, ನಿವ್ವಳ ತೂಕ, ಎಚ್‌ಯುಐಡಿ ಮತ್ತು ಬಿಲ್ಲಿನ ನಕಲನ್ನು ಲಾಕರಿನ ಹೊರಗೆ ಇಟ್ಟುಕೊಳ್ಳಿ. ಮನೆಯಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಬಂಗಾರ ಇರಬಾರದು ಎಂಬ ಮಾತು ಹಳ್ಳಿಗಳಲ್ಲಿ ಹರಡಿದೆ. 1994ರ ಆದಾಯ ತೆರಿಗೆ ಸೂಚನೆಯಲ್ಲಿ ಹೇಳಿರುವ ವಿವಾಹಿತೆಗೆ 500, ಅವಿವಾಹಿತೆಗೆ 250, ಪುರುಷರಿಗೆ 100 ಗ್ರಾಂ ಎಂಬುದು ಶೋಧದ ಸಮಯದಲ್ಲಿ ಜಪ್ತಿ ಮಾಡಬಾರದ ಪ್ರಮಾಣವೇ ಹೊರತು ಹೊಂದಿರಬಹುದಾದ ಮಿತಿಯಲ್ಲ.

ಆಭರಣದ ಪರವಾಗಿ ಇನ್ನೊಂದು ಮಾತು ಉಳಿದಿದೆ, ಅದು ಒಕ್ಕಲುತನದ ಮನೆಗೆ ಮುಖ್ಯವಾದದ್ದು. ಬಿತ್ತನೆಯ ಕಾಲಕ್ಕೆ ಹಣ ಬೇಕಾದಾಗ ಬ್ಯಾಂಕಾಗಲಿ ಸಹಕಾರಿ ಸಂಘವಾಗಲಿ ಬಂಗಾರದ ಸಾಲ ಕೊಡುವುದು ಆಭರಣದ ಮೇಲೆ. ಗೋಲ್ಡ್ ಇಟಿಎಫ್, ಗೋಲ್ಡ್ ಫಂಡ್‌ಗಳ ಮೇಲೆ ಅಂಥ ಸಾಲ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುವುದಿಲ್ಲ, ಹಣ ಬೇಕೆಂದರೆ ಮಾರಲೇಬೇಕು. ಈಗಿರುವ ಆರು ತೊಲಿ ನಿಮಗೆ ಆ ಆಸರೆಯಾಗಿ ಉಳಿಯಲಿ. ಅದನ್ನು ಮಾರಿ ಫಂಡಿಗೆ ಹಾಕುವ ಯೋಚನೆ ಬೇಡ, ಏಕೆಂದರೆ ಅದರ ಮಜೂರಿ ಆಗಲೇ ಹೋಗಿದೆ, ಮಾರಿದರೆ ಕರಗಿಸುವ ನಷ್ಟವೂ ಸೇರುತ್ತದೆ. ಅದರಲ್ಲಿ ಬಳೆ, ಹರಳಿನ ಸಾಮಾನು ಇದ್ದರೂ ಮಗಳು ದೊಡ್ಡವಳಾಗಿ ತನಗೆ ಬೇಡವೆನ್ನುವವರೆಗೆ ಮುರಿಸಬೇಡಿ. ಮುಂದಿನ ಸುಗ್ಗಿಯಿಂದ ವರ್ಷದ ತೊಲಿಯ ಹಣ ಫಂಡಿಗೆ ಹೋಗಲಿ. ನಡುವೆ ಒಂದೆರಡು ವರ್ಷ ಹಾಲ್‌ಮಾರ್ಕ್ ಇರುವ ಸಾದಾ ಸರ ಮಾಡಿಸಬೇಕೆನಿಸಿದರೆ ಮಾಡಿಸಿ, ಅದು ನಷ್ಟದ ಕೆಲಸವಲ್ಲ.

ಮದುವೆ ಗೊತ್ತಾದ ವರ್ಷ ಈ ಪಾಲುಗಳನ್ನು ಆಭರಣವಾಗಿಸುವಾಗ, ಅಂಗಡಿಯಲ್ಲಿ ದರ ಗೊತ್ತುಮಾಡುವ ದಿನವೇ ಇಟಿಎಫ್ ಮಾರಿ. ಆಗ ಬಂಗಾರದ ದರ ಆ ವಾರ ಎತ್ತ ಹೋದರೂ ನಿಮಗೆ ವ್ಯತ್ಯಾಸವಾಗುವುದಿಲ್ಲ. ಇಟಿಎಫ್ ಮಾರಾಟ ಮರುದಿನ ಇತ್ಯರ್ಥವಾಗುತ್ತದೆ, ಗೋಲ್ಡ್ ಫಂಡಾದರೆ ಬ್ಯಾಂಕಿಗೆ ಹಣ ಬರಲು ಇನ್ನೂ ಕೆಲವು ದಿನ ಬೇಕು. ಅಷ್ಟು ದಿನಗಳ ಅವಕಾಶವನ್ನು ಅಂಗಡಿಯವರಲ್ಲಿ ಮೊದಲೇ ಕೇಳಿಕೊಳ್ಳಿ. ಇಟಿಎಫ್‌ಗೆ 12 ತಿಂಗಳು, ಗೋಲ್ಡ್ ಫಂಡಿಗೆ 24 ತಿಂಗಳು ದಾಟಿದ ಪಾಲುಗಳಿಗೆ ಮಾತ್ರ ಶೇಕಡಾ 12.5ರ ದರ ಅನ್ವಯಿಸುವುದರಿಂದ ಕೊನೆಯ ಒಂದೆರಡು ಸುಗ್ಗಿಯ ಹಣವನ್ನು ಫಂಡಿಗೆ ಹಾಕದೆ ನೇರವಾಗಿ ಆಭರಣಕ್ಕೇ ಬಳಸಿ. ಅಂಗಡಿಗೆ ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಒಂದೇ ವ್ಯವಹಾರದಲ್ಲಿ ಪಡೆಯಲು ಅಂಗಡಿಯವರಿಗೆ ಕಾನೂನಿನ ಅನುಮತಿಯಿಲ್ಲ, ಮತ್ತು ಆ ಮೊತ್ತ ದಾಟಿದ ಬಿಲ್ಲಿಗೆ ನಿಮ್ಮ ಪ್ಯಾನ್ ಸಂಖ್ಯೆ ಬೇಕಾಗುತ್ತದೆ.